ಗೌಟ್: ನೋವಿನ ಮಾತ್ರೆ ಬೇರೆ, ಯೂರಿಕ್ ಆಮ್ಲದ ಮಾತ್ರೆ ಬೇರೆ

ಗೌಟ್ ಎಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಕೀಲುಗಂಟುಗಳಲ್ಲಿ ಹರಳುಗಟ್ಟಿ ಊತ, ನೋವು ತರುವ ಕಾಯಿಲೆ. ಅದರ ರೋಗಿಗಳು ನನ್ನ ಬಳಿ ಬರುವಾಗ ಸಾಮಾನ್ಯವಾಗಿ ಒಂದು ಕವರಿನ ತುಂಬ ಮಾತ್ರೆಗಳನ್ನು ತರುತ್ತಾರೆ. ಅದರಲ್ಲಿ ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಬಹುತೇಕ ಇದ್ದೇ ಇರುತ್ತದೆ, ಆದರೆ ನಾಲ್ಕೈದು ಮಾತ್ರೆ ನುಂಗಿ ಉಳಿದದ್ದನ್ನು ಹಾಗೆಯೇ ಬಿಟ್ಟಿರುತ್ತಾರೆ. ಕಾಲು ಊದಿದಾಗ ತೆಗೆದುಕೊಂಡು, ನೋವು ಇಳಿದ ಮೇಲೆ ನಿಲ್ಲಿಸಿರುತ್ತಾರೆ. ಈ ಔಷಧವನ್ನು ಬಳಸಲು ಇದಕ್ಕಿಂತ ಪ್ರತಿಕೂಲವಾದ ಕ್ರಮ ಇನ್ನೊಂದಿಲ್ಲ. ಅದು ಏಕೆಂದು ತಿಳಿಸಲು, ನಾನು ಚಿಕಿತ್ಸೆ ಕೊಟ್ಟ ಒಬ್ಬರ ವಿಷಯವನ್ನೇ ವಿವರವಾಗಿ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ಐವತ್ತರ ಆಸುಪಾಸಿನ ಅಡಿಕೆ ವ್ಯಾಪಾರಿ. ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಕೆಲವು ವರ್ಷಗಳ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು, ಮೂತ್ರಪಿಂಡದ ಕೆಲಸ ತುಸು ಕುಗ್ಗಿದೆಯೆಂದು ತೋರಿಸುವಂತೆ ರಕ್ತದ ಕ್ರಿಯಾಟಿನಿನ್ 1.3 ಇತ್ತು. ನಡುರಾತ್ರಿ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಗಿ, ಬೆಳಗಾಗುವಷ್ಟರಲ್ಲಿ ಹೊದಿಕೆ ಸೋಕಿದರೂ ಸಹಿಸಲಾಗದಷ್ಟು ಹೆಚ್ಚಿತ್ತು. ಗಂಟು ಕೆಂಪಾಗಿ ಊದಿ, ಮೇಲಿನ ಚರ್ಮ ಮಿರಮಿರನೆ ಹೊಳೆಯುತ್ತಿತ್ತು. ಜ್ವರವಿರಲಿಲ್ಲ, ಗಾಯವಿರಲಿಲ್ಲ. ಜ್ವರವಿದ್ದಿದ್ದರೆ ಅಥವಾ ಗಂಟಿನಲ್ಲಿ ಕೀವಾಗಿರುವ ಸಂಶಯ ಬಂದಿದ್ದರೆ, ಸೂಜಿ ಹಾಕಿ ಗಂಟಿನ ದ್ರವವನ್ನು ತೆಗೆದು ಪರೀಕ್ಷೆಗೆ ಕಳಿಸದೆ ನಾನು ಯಾವ ಔಷಧವನ್ನೂ ಆರಂಭಿಸುತ್ತಿರಲಿಲ್ಲ. ಅವರ ಕೈಯಲ್ಲಿದ್ದ ಪ್ರಯೋಗಾಲಯದ ವರದಿಯಲ್ಲಿ ಯೂರಿಕ್ ಆಮ್ಲ 5.9 ಎಂದಿತ್ತು, "ನಾರ್ಮಲ್ ಇದೆಯಲ್ಲ ಡಾಕ್ಟ್ರೇ, ಹಾಗಾದರೆ ಇದು ಗೌಟ್ ಅಲ್ಲ ಅಲ್ವಾ?" ಎಂದು ಕೇಳಿದರು. ಹೀಗೆ ನೋವು, ಊತ ಒಮ್ಮೆಲೇ ಕೆರಳುವ ದಾಳಿಯ ಸಮಯದಲ್ಲಿ ಈ ಅಂಕಿ ಇಳಿದಿರುವುದು ಅಪರೂಪವಲ್ಲ. ನೋವು ಶಮನವಾಗಿ ಎರಡು ವಾರ ಕಳೆದ ಮೇಲೆ ತೆಗೆದ ರಕ್ತದಲ್ಲಿ ಅದು 9.2 ಇತ್ತು.

ದಾಳಿಯ ಮೊದಲ ದಿನವೇ ಬಂದದ್ದರಿಂದ ಕೊಲ್ಚಿಸಿನ್ ಕೊಟ್ಟೆ. ನಮ್ಮಲ್ಲಿ ಸಿಗುವುದು 0.5 ಮಿ.ಗ್ರಾಂ ಮಾತ್ರೆ. ಮೊದಲು ಎರಡು, ಒಂದು ಗಂಟೆಯ ನಂತರ ಇನ್ನೊಂದು, ಅಲ್ಲಿಗೆ ಆ ದಿನದ ಲೆಕ್ಕ ಮುಗಿಯಿತು. ಭೇದಿಯಾಗುವವರೆಗೂ ಗಂಟೆಗೊಂದರಂತೆ ನುಂಗಿಸುತ್ತಿದ್ದ ಹಳೆಯ ಪದ್ಧತಿಯನ್ನು ಈಗ ಕೈಬಿಡಲಾಗಿದೆ. ಕಡಿಮೆ ಪ್ರಮಾಣದಲ್ಲೂ ನೋವು ಅಷ್ಟೇ ಇಳಿಯುತ್ತದೆ, ಹೊಟ್ಟೆ ಕೆಡುವುದು ಬಹಳ ಕಡಿಮೆ. ಕೊಲ್ಚಿಸಿನ್ ಯೂರಿಕ್ ಆಮ್ಲವನ್ನು ಎಳ್ಳಷ್ಟೂ ತಗ್ಗಿಸುವುದಿಲ್ಲ. ಗಂಟಿನಲ್ಲಿ ಯೂರಿಕ್ ಆಮ್ಲದಿಂದಾದ ಯೂರೇಟ್ ಹರಳುಗಳ ಮೇಲೆ ಬಿಳಿ ರಕ್ತಕಣಗಳು ಮುಗಿಬೀಳುವುದನ್ನು ತಡೆಯುವುದಷ್ಟೇ ಅದರ ಕೆಲಸ, ಆದ್ದರಿಂದ ದಾಳಿ ಶುರುವಾದ ಒಂದೂವರೆ ದಿನದೊಳಗೆ ಕೊಟ್ಟರೆ ಮಾತ್ರ ಅದರ ಪೂರ್ಣ ಫಲ ಸಿಗುತ್ತದೆ. ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳನ್ನು ಇವರ ಮೂತ್ರಪಿಂಡ ಮತ್ತು ರಕ್ತದೊತ್ತಡ ನೋಡಿ ನಾನು ಬರೆಯಲಿಲ್ಲ. ಕೊಲ್ಚಿಸಿನ್ ಕೊಡುವ ಮುನ್ನ ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಲೇಬೇಕು. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಜೊತೆಗೆ ಸೇರಿದರೆ ಕೊಲ್ಚಿಸಿನ್ ಪ್ರಮಾಣ ರಕ್ತದಲ್ಲಿ ಅಪಾಯಕ್ಕೇರುತ್ತದೆ; ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಇದು ಪ್ರಾಣಕ್ಕೂ ಎರವಾಗಬಹುದು.

ನೋವು ಇಳಿದ ಮೇಲೆ ಅವರನ್ನು ಮತ್ತೆ ಕರೆಸಿಕೊಂಡೆ. ದಾಳಿ ನಡೆಯುತ್ತಿರುವಾಗಲೇ ಅಲೋಪ್ಯೂರಿನಾಲ್ ಆರಂಭಿಸಬಹುದು ಎಂದು ಇತ್ತೀಚಿನ ಮಾರ್ಗಸೂಚಿಗಳು ಒಪ್ಪುತ್ತವೆ. ಆದರೂ ನಾನು ಕಾಯುತ್ತೇನೆ, ಏಕೆಂದರೆ ನೋವಿನಲ್ಲಿರುವವರ ತಲೆಯಲ್ಲಿ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ಮಾತ್ರೆಯ ವಿವರ ನಿಲ್ಲುವುದಿಲ್ಲ, ಆ ಮಾತ್ರೆಯೇ ನೋವನ್ನು ಕಳೆಯಿತೆಂದು ನಂಬಿಬಿಡುತ್ತಾರೆ. ಮೊದಲು ಅವರ ರಕ್ತದೊತ್ತಡದ ಮಾತ್ರೆಯನ್ನು ಬದಲಿಸಿ ಲೊಸಾರ್ಟಾನ್ ಕೊಟ್ಟೆ. ಹಳೆಯ ಮಾತ್ರೆಯಲ್ಲಿದ್ದ ಥಯಾಜೈಡ್ ಯೂರಿಕ್ ಆಮ್ಲವನ್ನು ದೇಹದಲ್ಲೇ ಉಳಿಸುತ್ತದೆ. ಲೊಸಾರ್ಟಾನ್ ಸ್ವಲ್ಪಮಟ್ಟಿಗೆ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಅನಂತರ ಅಲೋಪ್ಯೂರಿನಾಲ್ ದಿನಕ್ಕೆ 100 ಮಿ.ಗ್ರಾಂನಿಂದ ಆರಂಭಿಸಿ, ಕೊಲ್ಚಿಸಿನ್ 0.5 ಮಿ.ಗ್ರಾಂ ದಿನಕ್ಕೊಂದರಂತೆ ಜೊತೆಗಿಟ್ಟೆ.

ಜೊತೆಗೆ ಕೊಲ್ಚಿಸಿನ್ ಏಕೆ ಬೇಕು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅಲೋಪ್ಯೂರಿನಾಲ್ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆದು ಯೂರಿಕ್ ಆಮ್ಲ ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ರಕ್ತದ ಮಟ್ಟ ಇಳಿಯುತ್ತಿದ್ದಂತೆ ಗಂಟುಗಳಲ್ಲಿ ವರ್ಷಗಳಿಂದ ಕೂತಿದ್ದ ಹರಳುಗಳು ಕರಗತೊಡಗುತ್ತವೆ, ಕರಗುವಾಗ ಕಳಚಿಕೊಂಡ ಹರಳುಗಳೇ ಹೊಸ ದಾಳಿಯನ್ನು ಕೆರಳಿಸುತ್ತವೆ. ಗೋಡೆಗೆ ಹಿಡಿದ ಹಳೆಯ ಸುಣ್ಣವನ್ನು ನೆನೆಸಿದರೆ ಮೊದಲು ಚಕ್ಕೆಯೆದ್ದು ಉದುರುವಂತೆಯೇ ಇದು. ಆದ್ದರಿಂದ ಮೊದಲ ಮೂರರಿಂದ ಆರು ತಿಂಗಳು ಕೊಲ್ಚಿಸಿನ್ ಕಾವಲಿರಬೇಕು. ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುವುದರಿಂದ ಈ ದಾಳಿಗಳೂ, ಔಷಧದ ಗಂಭೀರ ಅಲರ್ಜಿಯ ಸಂಭವವೂ ಕಡಿಮೆಯಾಗುತ್ತವೆ.

ಆ ಅಲರ್ಜಿಯ ಬಗ್ಗೆ ಮೊದಲ ದಿನವೇ ಹೇಳಿದ್ದೆ: ಮೈಮೇಲೆ ದದ್ದು, ಜ್ವರ, ಬಾಯಲ್ಲಿ ಹುಣ್ಣು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಬರಬೇಕು. ಹೆಚ್ಚಿನ ಪ್ರಸಂಗಗಳು ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಝಥಯೋಪ್ರಿನ್ ತೆಗೆದುಕೊಳ್ಳುವವರಿಗೆ ಅಲೋಪ್ಯೂರಿನಾಲ್ ಕೊಡುವುದು ಇನ್ನೊಂದು ಗಂಡಾಂತರ. ಇವರಿಗೆ ಆ ಪ್ರಶ್ನೆ ಇರಲಿಲ್ಲ.

ತಿಂಗಳಿಗೊಮ್ಮೆ ರಕ್ತ ನೋಡಿ 100 ಮಿ.ಗ್ರಾಂ ಏರಿಸುತ್ತ ಹೋದೆ. 100ರಲ್ಲಿ ಯೂರಿಕ್ ಆಮ್ಲ 8.1, 200ರಲ್ಲಿ 7.0, 300ರಲ್ಲಿ 6.3. ಯೂರೇಟ್ ರಕ್ತದಲ್ಲಿ ಕರಗಿರಬಲ್ಲ ಮಿತಿ ಸುಮಾರು 6.8. ಅದಕ್ಕಿಂತ ಸಾಕಷ್ಟು ಕೆಳಗಿರಲೆಂದು ನಾವು 6ಕ್ಕಿಂತ ಕಡಿಮೆ, ಗಂಟುಗಳಲ್ಲಿ ಯೂರೇಟ್ ಹರಳು ಶೇಖರವಾದ ಟೋಫಸ್ ಗಡ್ಡೆಗಳಿದ್ದರೆ 5ಕ್ಕಿಂತ ಕಡಿಮೆ ಎಂಬ ಗುರಿ ಇಟ್ಟುಕೊಳ್ಳುತ್ತೇವೆ. 300 ಎಂಬುದು ಎಲ್ಲರಿಗೂ ಹೊಂದುವ ಪ್ರಮಾಣವೆಂಬ ಭಾವನೆ ವೈದ್ಯರಲ್ಲೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಇವರಿಗೆ 400 ಬೇಕಾಯಿತು, ಆಗ 5.4ಕ್ಕೆ ಬಂತು.

200 ಮಿ.ಗ್ರಾಂ ನಡೆಯುತ್ತಿದ್ದಾಗ ಪಾದದ ಗಂಟು ಊದಿತು. ಅವರು ಫೋನ್ ಮಾಡಿ, "ಮಾತ್ರೆ ನಿಲ್ಲಿಸಿಬಿಡ್ತೀನಿ ಸರ್, ಇದರಿಂದಲೇ ಹೆಚ್ಚಾಗಿದೆ" ಎಂದರು. ನಿಲ್ಲಿಸಬೇಡಿ ಎಂದೆ. ನಿಲ್ಲಿಸಿದರೆ ಮಟ್ಟ ಮೇಲೇರಿ, ಮತ್ತೆ ಆರಂಭಿಸಿದಾಗ ಮತ್ತೆ ಇಳಿದು, ಎರಡು ಸಲ ಕೆರಳುತ್ತದೆ. ಕೊಲ್ಚಿಸಿನ್ ದಿನವೂ ನಡೆಯುತ್ತಿದ್ದುದರಿಂದ ಅದನ್ನು ಏರಿಸದೆ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 30 ಮಿ.ಗ್ರಾಂನಂತೆ ಐದು ದಿನ ಕೊಟ್ಟೆ. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಇದ್ದಿದ್ದರೆ ಆ ಐದು ದಿನ ಸಕ್ಕರೆ ನೋಡುತ್ತಿರಬೇಕಾಗುತ್ತಿತ್ತು. ಅಲೋಪ್ಯೂರಿನಾಲ್ ಒಂದು ದಿನವೂ ತಪ್ಪಲಿಲ್ಲ.

ಅವರ ಅಳಿಯ ಒಂದು ಸಲ ಜೊತೆಗೆ ಬಂದಿದ್ದಾಗ, ಯೂರಿಕ್ ಆಮ್ಲವನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಯೂ ಇದೆಯಂತಲ್ಲ, ಅದನ್ನೇ ಏಕೆ ಕೊಡಬಾರದು ಎಂದು ಕೇಳಿದರು. ಪ್ರಶ್ನೆ ಸರಿಯಾಗಿತ್ತು. ಗೌಟ್ ಇರುವ ಹೆಚ್ಚಿನವರಲ್ಲಿ ದೋಷವಿರುವುದು ಯೂರಿಕ್ ಆಮ್ಲದ ಉತ್ಪಾದನೆಯಲ್ಲಲ್ಲ, ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕದಿರುವುದರಲ್ಲಿ. ಅಳಿಯ ಕೇಳಿದಂಥ ಮಾತ್ರೆಯಾದ ಪ್ರೊಬೆನೆಸಿಡ್ ಮೂತ್ರಪಿಂಡದ ನಾಳಗಳಲ್ಲಿ ಯೂರೇಟ್ ಮರಳಿ ರಕ್ತಕ್ಕೆ ಹೀರಿಕೆಯಾಗುವುದನ್ನು ತಡೆಯುತ್ತದೆ. ಆದರೆ ಹಾಗೆ ಹೊರಬಿದ್ದದ್ದೆಲ್ಲ ಮೂತ್ರದ ದಾರಿಯಲ್ಲೇ ಹೋಗಬೇಕು. ಕಲ್ಲಾಗಿದ್ದವರಲ್ಲಿ ಮತ್ತೆ ಕಲ್ಲು ಕಟ್ಟಲು ಅದೇ ಸಾಕು. ಮೂತ್ರಪಿಂಡ ದುರ್ಬಲವಾದಷ್ಟೂ ಈ ಮಾತ್ರೆಯ ಬಲವೂ ಕುಗ್ಗುತ್ತದೆ. ಅವರ ಮಾವನಿಗೆ ಈ ಎರಡೂ ಅಡ್ಡಿಗಳಿದ್ದವು.

ಪ್ರೊಬೆನೆಸಿಡ್ ಅನ್ನು ನಾನು ಬರೆಯುವುದು ಬಹಳ ಅಪರೂಪ. ಅಲೋಪ್ಯೂರಿನಾಲ್‌ನಿಂದ ದದ್ದು ಬಂದಿದ್ದ, ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿದ್ದ ಒಬ್ಬ ಯುವಕನಿಗೆ ಬರೆದಿದ್ದೆ. ಮೊದಲು ಒಂದು ದಿನದ ಮೂತ್ರವನ್ನೆಲ್ಲ ಸಂಗ್ರಹಿಸಿ ಅದರಲ್ಲಿನ ಯೂರಿಕ್ ಆಮ್ಲ 800 ಮಿ.ಗ್ರಾಂಗಿಂತ ಕಡಿಮೆ ಇದೆಯೆಂದು ಖಾತ್ರಿ ಮಾಡಿಕೊಂಡೆ, ಹೆಚ್ಚಿದ್ದರೆ ಕಲ್ಲಿನ ಅಪಾಯ ಇನ್ನೂ ಹೆಚ್ಚುತ್ತದೆ. 250 ಮಿ.ಗ್ರಾಂ ದಿನಕ್ಕೆರಡು ಸಲದಿಂದ ಆರಂಭಿಸಿ 500ಕ್ಕೆ ಏರಿಸಿ, ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಮೂತ್ರ ಹೋಗುವಷ್ಟು ನೀರು ಕುಡಿಯಲು ಹೇಳಿದೆ. ದಾಳಿಯ ನೋವಿನ ಮೇಲೆ ಪ್ರೊಬೆನೆಸಿಡ್‌ಗೂ ಯಾವ ಪ್ರಭಾವವಿಲ್ಲ, ಆದ್ದರಿಂದ ಆತನಿಗೂ ಮೊದಲ ತಿಂಗಳುಗಳಲ್ಲಿ ಕೊಲ್ಚಿಸಿನ್ ಜೊತೆಗಿತ್ತು.

ಅಡಿಕೆ ವ್ಯಾಪಾರಿಗೆ ಮಟ್ಟ ಗುರಿ ಮುಟ್ಟಿ, ಹಲವು ತಿಂಗಳು ದಾಳಿಯಿಲ್ಲದೆ ಕಳೆದ ಮೇಲೆ ಕೊಲ್ಚಿಸಿನ್ ನಿಲ್ಲಿಸಿದೆ. ಅಲೋಪ್ಯೂರಿನಾಲ್ 400 ಹಾಗೆಯೇ ಮುಂದುವರಿದಿದೆ. ಆರು ತಿಂಗಳಿಗೊಮ್ಮೆ ಯೂರಿಕ್ ಆಮ್ಲ, ಕ್ರಿಯಾಟಿನಿನ್ ಎರಡನ್ನೂ ಮಾಡಿಸಿಕೊಂಡು ಬರುತ್ತಾರೆ.