ಫೋಟೋದ ಮೂಲೆಯ ಹೆಸರನ್ನು ಅಳಿಸುವ ಮುನ್ನ

ಚಿತ್ರದುರ್ಗದ ಕೋಟೆಯ ಚಿತ್ರವೊಂದನ್ನು ಊರಿನ ಜಾತ್ರೆಯ ಫ್ಲೆಕ್ಸ್‌ಗೆ ಬಳಸಬೇಕಿದ್ದು, ಅದರ ಮೂಲೆಯಲ್ಲಿ ಛಾಯಾಗ್ರಾಹಕರ ಹೆಸರಿದ್ದರೆ, ಅದನ್ನು ಕತ್ತರಿಸದೆ ಅವರಿಗೇ ಸಂದೇಶ ಕಳುಹಿಸಿ, ಎಲ್ಲಿ, ಎಷ್ಟು ದಿನ, ಯಾವ ಅಳತೆಯಲ್ಲಿ ಬಳಸುತ್ತೀರೆಂದು ತಿಳಿಸಿ, ಹೆಸರಿಲ್ಲದ ಮೂಲ ಕಡತವನ್ನೂ ಲಿಖಿತ ಒಪ್ಪಿಗೆಯನ್ನೂ ಕೇಳಿ. ಸಿಕ್ಕ ಮೇಲೆ ಅವರ ಹೆಸರನ್ನು ಫ್ಲೆಕ್ಸ್‌ನ ಅಂಚಿನಲ್ಲಿ ಓದುವಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಬಿ ಕಲಮಿನ ಪ್ರಕಾರ, ಕರ್ತೃವಿನ ಹೆಸರಿನಂತಹ ಹಕ್ಕಿನ ಮಾಹಿತಿಯನ್ನು ಅನುಮತಿಯಿಲ್ಲದೆ, ತಿಳಿದೂ ತೆಗೆದುಹಾಕುವುದೇ ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗಬಹುದಾದ ಪ್ರತ್ಯೇಕ ಅಪರಾಧ. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಕಡತದೊಳಗಿನ ವಿವರಗಳು ಅಳಿಸಿಹೋಗುವುದರಿಂದ, ತೆಗೆದವರು ಯಾರೆಂದು ಹೇಳಲು ಎಷ್ಟೋ ಸಲ ಆ ಮೂಲೆಯ ಸಾಲೊಂದೇ ಉಳಿದಿರುತ್ತದೆ. ಅದನ್ನೂ ಅಳಿಸುವುದು ನನಗಂತೂ ಅನ್ಯಾಯವೆನಿಸುತ್ತದೆ. ಆದರೆ ಮೂಲೆಯಲ್ಲಿರುವುದು ಬೇರೆಯವರ ಚಿತ್ರಕ್ಕೆ ಯಾವುದೋ ಪುಟದವರು ಅಂಟಿಸಿದ ಲಾಂಛನವಾಗಿದ್ದರೆ ಈ ಉಪಾಯ ಫಲಿಸುವುದಿಲ್ಲ, ಏಕೆಂದರೆ ಹಕ್ಕಿಲ್ಲದವರ ಒಪ್ಪಿಗೆಗೆ ಬೆಲೆಯಿಲ್ಲ. ಕ್ಯಾಮೆರಾದಿಂದ ಬಂದ ಮೂಲ ಕಡತವನ್ನೋ ಅದರ ಹಿಂದು ಮುಂದಿನ ಚಿತ್ರಗಳನ್ನೋ ಕೇಳಿದಾಗ ಅವರು ಕೊಡಲಾಗದಿದ್ದರೆ ಅನುಮಾನಿಸಿ. ಹಣ ಕೊಟ್ಟು ತೆಗೆಸಿದ ಮದುವೆಯ ಚಿತ್ರಗಳ ವಿಷಯ ಬೇರೆ: ಬೇರೆ ಕರಾರಿಲ್ಲದಿದ್ದರೆ ಅವುಗಳ ಕೃತಿಸ್ವಾಮ್ಯ ತೆಗೆಸಿದವರದೇ, ಆದರೂ ತಾನೇ ತೆಗೆದದ್ದೆಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಡಿ ಛಾಯಾಗ್ರಾಹಕರಲ್ಲಿಯೇ ಉಳಿಯುವುದರಿಂದ, ಅಲ್ಲಿಯೂ ಒಂದು ಮಾತು ಕೇಳಿಯೇ ಹೆಸರು ತೆಗೆಯಿರಿ.