ಪಾಸ್‌ವರ್ಡ್ ಬದಲಿಸಿದರೂ ಕಳ್ಳ ಒಳಗೇ ಇದ್ದರೆ?

ಬಾಗಲಕೋಟೆಯ ನವನಗರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಇಳಕಲ್ ಸೀರೆಗಳ ವಿಡಿಯೊ ಮಾಡಿ ಮಾರುವ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಓಡಿ ಬಂದ. "ಕಾಕಾ, ಎರಡ್ ಸಲ ಪಾಸ್‌ವರ್ಡ್ ಬದಲು ಮಾಡೀನ್ರಿ. ಒಟಿಪಿನೂ ಐತಿ. ಆದ್ರೂ ಯಾರೋ ನನ್ನ ಮೇಲ್‌ದಾಗ ಅದಾರ್ರೀ!" ಎಂದ.

ಜಾಹೀರಾತು ಕೊಡ್ತೀವಿ ಅಂತ ಅವನಿಗೊಂದು ಮೇಲ್ ಬಂದಿತ್ತು. ಜೊತೆಗಿದ್ದ ಫೈಲಿನ ಹೆಸರು ಪರದೆಯ ಮೇಲೆ contract.pdf. ನಿಜವಾದ ಹೆಸರು contract.pdf.exe. ವಿಂಡೋಸ್ ಕೊನೆಯ ತುಂಡನ್ನು ತೋರಿಸುವುದಿಲ್ಲ, ಹುಡುಗ ಒತ್ತಿಬಿಟ್ಟಿದ್ದ.

ಬನಶಂಕರಿ ಜಾತ್ರೆಯ ನಾಟಕ ನೆನೆಸಿಕೊಳ್ಳಿ. ಟಿಕೆಟ್ ತೋರಿಸಿ ಒಳಗೆ ಹೋದಿರಿ. ನಡುವೆ ಮಿರ್ಚಿ ತಿನ್ನಲು ಹೊರಗೆ ಬರುವಾಗ ಬಾಗಿಲಲ್ಲಿ ಒಂದು ಪಾಸ್ ಕೊಟ್ಟರು ಅನ್ನಿ. ವಾಪಸ್ ಹೋಗುವಾಗ ಪಾಸ್ ಇದ್ದರೆ ಸಾಕು, ಟಿಕೆಟ್ ಯಾರೂ ಕೇಳುವುದಿಲ್ಲ. ಅದು ಯಾರ ಕೈಯಲ್ಲಿದೆ ಅಂತಲೂ ನೋಡುವುದಿಲ್ಲ. ಸೆಷನ್ ಕುಕಿ ಅಂದರೆ ಆ ಪಾಸ್. ನೀವು ಪಾಸ್‌ವರ್ಡ್, ಒಟಿಪಿ ಕೊಟ್ಟ ಮೇಲೆ ಸರ್ವರ್ ಇಂಥದೊಂದು ಸಾಲು ಕಳಿಸುತ್ತದೆ:

```
Set-Cookie: sid=8f3a61c9; Max-Age=2592000; HttpOnly; Secure
```

ಆಮೇಲೆ ಪ್ರತಿ ಪುಟ ತೆರೆಯುವಾಗಲೂ ಬ್ರೌಸರ್ ಆ sid ತೋರಿಸುತ್ತದೆ. Max-Age ಅನ್ನುವುದು ಪಾಸಿನ ಅವಧಿ, ಸೆಕೆಂಡುಗಳಲ್ಲಿ. ಇಲ್ಲಿ ಅದು 30 ದಿನ. ಬ್ಯಾಂಕಿನ ಸೈಟು ಸ್ವಲ್ಪ ಹೊತ್ತು ಸುಮ್ನೆ ಕೂತರೆ ಹೊರಗೆ ಹಾಕುತ್ತದೆ ಅಲ್ವಾ? ಪಾಸ್ ಕದ್ದವನಿಗೆ ಜಾಸ್ತಿ ಹೊತ್ತು ಸಿಗಬಾರದು ಅಂತಲೇ ಹಾಗೆ. ಮೇಲ್‌ನಲ್ಲಿ ಆ ಅವಧಿ ಬಹಳ ಉದ್ದ. HttpOnly ಇದ್ದರೆ ವೆಬ್ ಪುಟದೊಳಗಿನ ಸ್ಕ್ರಿಪ್ಟ್ ಕುಕಿಯನ್ನು ಓದಲಾರದು. ಆದರೆ ಹುಡುಗ ಒತ್ತಿದ ಫೈಲು ಲ್ಯಾಪ್‌ಟಾಪಿನ ಒಳಗೇ ಕೂತು ಬ್ರೌಸರಿನ ಕುಕಿಗಳನ್ನು, ಅದರಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಾಚಿ ಕಳಿಸಿಬಿಟ್ಟಿತ್ತು. ಒಟಿಪಿ ಕೇಳುವುದು ಲಾಗಿನ್ ಬಾಗಿಲಲ್ಲಿ. ಕಳ್ಳ ಆ ಬಾಗಿಲಿಗೆ ಬರಲೇ ಇಲ್ಲ.

ಇನ್ನು ಮಾಡಬೇಕಾದ್ದು.

ಮೊದಲು ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ.

ಎರಡನೆಯದರಲ್ಲೇ ಎಲ್ಲರೂ ಎಡವುವುದು, ಹುಡುಗನೂ ಎಡವಿದ್ದ. ಗಾಬರಿಯಲ್ಲಿ ಅದೇ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಬದಲಿಸಿದ. ಹೊಸ ಪಾಸ್‌ವರ್ಡಿನಿಂದ ಒಳಗೆ ಹೋದ ಕೂಡಲೇ ಹೊಸ ಕುಕಿ ಬಂತು. ಒಳಗೆ ಕೂತಿದ್ದ ಫೈಲು ಅದನ್ನೂ ಕಳಿಸಿತು. ಎರಡನೇ ಸಲವೂ ಅದೇ ಕತೆ. ಹಾಗಾಗಿ ಆ ಯಂತ್ರ ಮುಟ್ಟಲೇಬೇಡಿ. ಆ ಫೈಲು ತೆರೆಯದ ಬೇರೆ ಫೋನ್ ತೆಗೆದುಕೊಳ್ಳಿ. ಅದರಲ್ಲಿ myaccount.google.com ತೆರೆದು Security ಒಳಗೆ ಹೋಗಿ ಮೊದಲು ಪಾಸ್‌ವರ್ಡ್ ಬದಲಿಸಿ. ಆಮೇಲೆ Your devices ತೆರೆದು, ಕೈಯಲ್ಲಿರುವ ಫೋನ್ ಒಂದನ್ನು ಬಿಟ್ಟು ಉಳಿದೆಲ್ಲದರ ಮೇಲೆ Sign out ಒತ್ತಿ. ಗುರುತಿನ ಲ್ಯಾಪ್‌ಟಾಪ್ ಅಂತ ಬಿಡಬೇಡಿ, ಕದ್ದ ಪಾಸ್ ಅದರ ಹೆಸರಲ್ಲೇ ಇರುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಗೂಗಲ್ ಹೆಚ್ಚಿನ ಕಡೆ ತಾನೇ ಲಾಗ್ ಔಟ್ ಮಾಡುತ್ತದೆ, ಆದರೆ ಎಲ್ಲ ಸೈಟುಗಳೂ ಹಾಗೆ ಮಾಡುವುದಿಲ್ಲ. ಸರ್ವರ್ ಆ ಪಾಸನ್ನು ರದ್ದು ಮಾಡಬೇಕು, ಇಲ್ಲವೇ ಅವಧಿ ಮುಗಿಯಬೇಕು. ಅಲ್ಲಿವರೆಗೆ ಅದು ನಡೆಯುತ್ತದೆ. ಬ್ರೌಸರ್ ಮುಚ್ಚಿದರೆ ಏನೂ ಆಗುವುದಿಲ್ಲ.

ಮೂರನೆಯದು, ಕಳ್ಳ ಬಿಟ್ಟುಹೋದ ಕಿಂಡಿಗಳು. ರಿಕವರಿ ಫೋನ್, ರಿಕವರಿ ಮೇಲ್ ನಿಮ್ಮದೇನಾ ನೋಡಿ. ಇಂಥದ್ದನ್ನು ಬದಲಿಸುವಾಗ ಗೂಗಲ್ ಸಾಮಾನ್ಯವಾಗಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕಳ್ಳನಿಗೆ ಬೇಕಾಗುವುದು ಅಲ್ಲೇ. ಅದಕ್ಕೇ ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಬೇಡಿ ಅಂತ ಬಂದವರಿಗೆಲ್ಲ ಹೇಳುತ್ತೇನೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ Forwarding ಮತ್ತು Filters ಎರಡನ್ನೂ ತೆರೆಯಿರಿ. ಹುಡುಗನ ಖಾತೆಯಲ್ಲಿ, ಎಚ್ಚರಿಕೆಯ ಮೇಲ್‌ಗಳನ್ನು ಬಂದ ಹಾಗೇ ಅಳಿಸುವ ಒಂದು ಫಿಲ್ಟರ್ ಇತ್ತು. ಅವನಿಗೆ ಒಂದೂ ಎಚ್ಚರಿಕೆ ಕಾಣದಿದ್ದುದು ಅದಕ್ಕೇ.

ಕೊನೆಗೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿ. ಪುಕ್ಕಟೆ ಕ್ಲೀನರ್ ಹಾಕಿ ಹಸಿರು ಟಿಕ್ ನೋಡಿ ನಂಬಬೇಡಿ. ಫೋಟೊ, ವಿಡಿಯೊ, ಲೆಕ್ಕದ ಫೈಲು ಮಾತ್ರ ಉಳಿಸಿಕೊಳ್ಳಿ. ಎಡಿಟಿಂಗಿನ ಕ್ರ್ಯಾಕ್ ಸಾಫ್ಟ್‌ವೇರ್ ಮತ್ತೆ ಹಾಕಿದರೆ ಅದರ ಜೊತೆಗೂ ಇಂಥದೇ ಫೈಲು ಬರಬಹುದು. ಫಾರ್ಮ್ಯಾಟ್ ಆದಮೇಲಷ್ಟೇ ಅದರಲ್ಲಿ ಲಾಗಿನ್ ಆಗಿ.

ಹುಡುಗನಿಗೆ ಮೂರು ದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಇನ್‌ಬಾಕ್ಸಿನ ಕೆಳಗೆ ಬಲಗಡೆ ಇರುವ Details ಒತ್ತಲು ಹೇಳಿದೆ. ಯಾವ ಹೊತ್ತಿಗೆ, ಯಾವ ಬ್ರೌಸರಿನಿಂದ, ಎಲ್ಲಿಂದ ಮೇಲ್ ತೆರೆದಿದ್ದಾರೆ ಅಂತ ಅಲ್ಲಿ ಪಟ್ಟಿ ಬರುತ್ತದೆ. ಮೊದಲ ದಿನ ಹಳೆಯ ಅಪರಿಚಿತ ಸಾಲುಗಳು ಹಾಗೇ ಇದ್ದವು, ನಾವು ಲಾಗ್ ಔಟ್ ಮಾಡಿದ ಹೊತ್ತಿನ ನಂತರದ್ದು ಒಂದೂ ಇರಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಕಾಕಾ, ಎಲ್ಲಾ ನನ್ನವೇ ಅದಾವ್ರಿ" ಎಂದ.