ಜಿಪ್ ‘ಬಿಟ್ಟಿದೆ’ ಅಂದರೆ ಎಷ್ಟು ಬಿಟ್ಟಿದೆ? ಕಂಟಿನ್ಯೂಟಿ ಬರೆಯುವ ಬಗೆ

ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ಬುಡದ ಒಂದು ದ್ರಾಕ್ಷಿ ತೋಟದಲ್ಲಿ ನಾವು ಕಿರುಚಿತ್ರ ಮಾಡುತ್ತಿದ್ದೆವು. ಬೆಂಗಳೂರಿನಿಂದ ಊರಿಗೆ ಬಂದ ಹುಡುಗ ಬಸ್ಸಿಳಿದು ರಸ್ತೆಯಲ್ಲಿ ನಡೆಯುತ್ತಾನೆ, ತೋಟದ ಗೇಟು ದಾಟಿ ಚಪ್ಪರದ ಕೆಳಗೆ ಬರುತ್ತಾನೆ. ತೆರೆಯ ಮೇಲೆ ಅದು ಎರಡು ನಿಮಿಷ. ಆದರೆ ತೋಟದ ಭಾಗವನ್ನು ಒಂದು ಭಾನುವಾರ ತೆಗೆದೆವು, ರಸ್ತೆಯ ಭಾಗವನ್ನು ಮುಂದಿನ ಭಾನುವಾರ. ಎರಡೂ ದಿನ ಹುಡುಗನ ಬಟ್ಟೆ ಒಂದೇ ಥರ ಇರಬೇಕು, ಅಲ್ವಾ? ಅದನ್ನು ಬರೆದಿಡುವ ಕೆಲಸ ನನ್ನದು. ಸಿನಿಮಾದವರು ಇದನ್ನು ಕಂಟಿನ್ಯೂಟಿ ಅನ್ನುತ್ತಾರೆ.

ಮೊದಲ ದಿನ ನಾನು ಬರೆದದ್ದು ಇಷ್ಟೇ: ‘ಜಾಕೆಟ್ ಓಪನ್. ತೋಳು ಮಡಚಿದೆ. ಇನ್‌ಶರ್ಟ್ ಇಲ್ಲ.’ ಮುಂದಿನ ವಾರ ಹುಡುಗ ಕೇಳಿದ, “ಅಕ್ಕಾ, ಹೋದ ವಾರ ಜಿಪ್ ಬಿಟ್ಟಿದ್ದೆ ಅಲ್ವಾ?” ಹೌದು ಎಂದೆ. ಅವನು ಕೆಳಗೆ ಜಿಪ್ ಸೇರಿಸಿ, ಎದೆಯವರೆಗೆ ಎಳೆದು, ಮೇಲೆ ಮಾತ್ರ ಬಿಟ್ಟುಕೊಂಡ. ಜಾಕೆಟ್ಟಿನ ತೋಳನ್ನು ಮೇಲಕ್ಕೆ ಸರಿಸಿದ. ನಾನು ಬರೆದ ಯಾವ ಮಾತಿಗೂ ಅದು ತಪ್ಪಾಗಿರಲಿಲ್ಲ. ಎಡಿಟಿಂಗಿಗೆ ಕೂತಾಗ ಗೊತ್ತಾಯಿತು: ಗೇಟಿನ ಈಚೆ ಜಿಪ್ ಎದೆಗೆ ಬಂದಿದೆ, ಗೇಟು ದಾಟಿದ ಕೂಡಲೇ ಜಾಕೆಟ್ ಪೂರಾ ತೆರೆದು ಗಾಳಿಗೆ ಹಾರುತ್ತಿದೆ. ರಸ್ತೆಯ ಭಾಗವನ್ನು ಮತ್ತೆ ತೆಗೆಯಬೇಕಾಯಿತು.

ಆಮೇಲಿಂದ ನಾನು ಬರೆಯುವ ರೀತಿ ಹೀಗಿದೆ.

ಮೊದಲು ಎಡ ಬಲ ಯಾರದ್ದು ಅಂತ ಗೊತ್ತುಮಾಡಿ

ಯಾವಾಗಲೂ ಬಟ್ಟೆ ಹಾಕಿಕೊಂಡವರ ಎಡ, ಅವರ ಬಲ. ನೋಡುವವರದ್ದಲ್ಲ. ಪುಟದ ತಲೆಯಲ್ಲೇ ಇದನ್ನು ಬರೆದುಬಿಡಿ. ಫೋಟೊ ಇದ್ದರೆ ಸಾಕು ಅಂತ ನಂಬಬೇಡಿ. ಕೆಲವು ಫೋನುಗಳ ಮುಂದಿನ ಕ್ಯಾಮೆರಾ ಚಿತ್ರವನ್ನು ಕನ್ನಡಿಯ ಥರ ತಿರುಗಿಸಿ ಇಡುತ್ತದೆ. ಗಂಡಸರ ಶರ್ಟಿನಲ್ಲಿ ಒಂದೇ ಜೇಬಿದ್ದರೆ ಅದು ಸಾಮಾನ್ಯವಾಗಿ ಎಡ ಎದೆಗೆ ಇರುತ್ತದೆ. ಫೋಟೊದಲ್ಲಿ ಅದು ಅವನ ಬಲಕ್ಕೆ ಕಂಡರೆ ಚಿತ್ರ ತಿರುಗಿದೆ ಅಂತ ತಿಳಿಯಿರಿ.

ಶರ್ಟಿನ ಕೆಳಗಿನ ಅಂಚು

‘ಇನ್‌ಶರ್ಟ್ ಇಲ್ಲ’ ಅಂದರೆ ಏನು ಇಲ್ಲ ಅಂತ ಗೊತ್ತಾಗುತ್ತದೆ, ಏನು ಇದೆ ಅಂತ ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣುವುದನ್ನು ಬರೆಯಿರಿ. ಒಳಗೆ ಸೇರಿಸಿದ್ದರೆ ಸುತ್ತಲೂ ಸೇರಿಸಿದೆಯಾ, ಮುಂದೆ ಮಾತ್ರವಾ? ಹಿಂದೆ ಒಂದು ಮೂಲೆ ಹೊರಗೆ ಬಂದಿದೆಯಾ? ಹೊರಗೆ ಬಿಟ್ಟಿದ್ದರೆ ಅಂಚು ಎಲ್ಲಿಗೆ ಬರುತ್ತದೆ ಅಂತ ಹೇಳಿ: ‘ಸುತ್ತಲೂ ಹೊರಗೆ, ಅಂಚು ಪ್ಯಾಂಟಿನ ಜೇಬಿನ ಅರ್ಧದವರೆಗೆ, ಬೆಲ್ಟ್ ಕಾಣುವುದಿಲ್ಲ.’ ಬಕಲ್ ಕಾಣುತ್ತದೋ ಇಲ್ಲವೋ ಅನ್ನುವ ಒಂದು ಮಾತು ಜಾಸ್ತಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ನೋಡುವವರ ಕಣ್ಣು ಹೊಳೆಯುವುದರ ಕಡೆಗೇ ಹೋಗುತ್ತದೆ.

ತೋಳು: ಇಲ್ಲಿ ನಿಧಾನ ಮಾಡಿ

ಜಾಸ್ತಿ ತಪ್ಪುವುದು ಇಲ್ಲೇ. ಮೊದಲು ಯಾವ ತೋಳು ಅಂತ ಹೇಳಬೇಕು, ಶರ್ಟಿನದಾ ಜಾಕೆಟ್ಟಿನದಾ. ಆಮೇಲೆ, ಅದನ್ನು ಮಡಚಿದೆಯಾ ಅಥವಾ ಸುಮ್ನೆ ಮೇಲಕ್ಕೆ ಸರಿಸಿದೆಯಾ. ಇವೆರಡೂ ಬೇರೆ ಬೇರೆ ಕಾಣುತ್ತವೆ. ಮಡಚಿದರೆ ಪಟ್ಟಿಯಂಥ ನೇರ ಅಂಚು ಬರುತ್ತದೆ. ಸರಿಸಿದರೆ ಮೊಣಕೈ ಹತ್ತಿರ ಬಟ್ಟೆ ಸುಕ್ಕುಸುಕ್ಕಾಗಿ ಗುಂಪಾಗುತ್ತದೆ.

ಮಡಚಿದ್ದರೆ ಎಷ್ಟು ಮಡಿಕೆ ಅಂತ ಎಣಿಸಿ. ನಮ್ಮ ಹುಡುಗನ ಶರ್ಟಿನ ಕಫ್ ಎರಡೂವರೆ ಇಂಚು ಅಗಲವಿತ್ತು. ಕಫ್‌ನ ಅಗಲಕ್ಕೇ ಮಡಚುತ್ತಾ ಹೋದರೆ ಒಂದೊಂದು ಮಡಿಕೆಗೂ ತೋಳು ಎರಡೂವರೆ ಇಂಚು ಮೇಲೇರುತ್ತದೆ. ಎರಡು ಮಡಿಕೆಗೆ ಐದು ಇಂಚು, ಅಂದರೆ ಮುಂಗೈ ಮಧ್ಯಕ್ಕೆ. ಮೂರಕ್ಕೆ ಏಳೂವರೆ, ಮೊಣಕೈ ಹತ್ತಿರಕ್ಕೆ. ಹಾಗಾಗಿ ‘ಅರ್ಧ ತೋಳು ಮಡಚಿದೆ’ ಅನ್ನುವುದರ ಬದಲು ‘ಕಫ್ ಅಗಲದ ಎರಡು ಮಡಿಕೆ’ ಅಂತ ಬರೆದರೆ ಯಾರು ಮಡಚಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ‘ಅರ್ಧ ತೋಳು’ ಅಂದರೆ ನಮ್ಮಲ್ಲಿ ಹಾಫ್ ಶರ್ಟ್ ಅಂತಲೂ ಅರ್ಥವಾಗುತ್ತದೆ, ಆ ಮಾತನ್ನೇ ಬಿಡಿ.

ಇನ್ನೊಂದು ಪ್ರಶ್ನೆ, ಹೊರಗೆ ಮಡಚಿದೆಯಾ, ಒಳಗೆ ಮಡಚಿದೆಯಾ? ಹೊರಗೆ ಮಡಚಿದರೆ ಬಟ್ಟೆಯ ಒಳಮುಖದ ಮಂಕು ಬಣ್ಣ ಕಾಣುತ್ತದೆ. ಒಳಗೆ ಮಡಚಿದರೆ ಕಾಣುವುದಿಲ್ಲ, ತೋಳು ಗಿಡ್ಡವಾದಂತೆ ಮಾತ್ರ ಕಾಣುತ್ತದೆ. ದೂರದಿಂದ ತೆಗೆದ ಫೋಟೊದಲ್ಲಿ ಈ ವ್ಯತ್ಯಾಸ ಸಿಗುವುದು ಕಷ್ಟ. ಹತ್ತಿರದಿಂದ ತೆಗೆದ ಶಾಟ್‌ನಲ್ಲಿ ಸಿಕ್ಕಿಬಿಡುತ್ತದೆ. ಎರಡು ಕೈಗೂ ಬೇರೆ ಬೇರೆ ಬರೆಯಿರಿ. ಬಲಗೈಯಲ್ಲಿ ಕೆಲಸ ಮಾಡುವವರು ಎಡತೋಳನ್ನು ನೀಟಾಗಿ ಮಡಚಿಕೊಳ್ಳುತ್ತಾರೆ, ಬಲತೋಳು ಸ್ವಲ್ಪ ಸೊಟ್ಟಗಾಗುತ್ತದೆ.

ಜಾಕೆಟ್ಟಿನ ಜಿಪ್

ಮುಂದೆ ಪೂರ್ತಿ ಬಿಡಿಸಬಹುದಾದ ಜಿಪ್ಪಿಗೆ ಮೂರು ಸ್ಥಿತಿ ಇದೆ. ಕೆಳಗಿನ ಪಿನ್ ಸೇರಿಸೇ ಇಲ್ಲ, ಎರಡು ಬದಿಯೂ ಬೇರೆ ಬೇರೆ ತೂಗುತ್ತವೆ. ಪಿನ್ ಸೇರಿಸಿದೆ, ರನ್ನರ್ ನಡುವೆ ಎಲ್ಲೋ ನಿಂತಿದೆ. ರನ್ನರ್ ಕತ್ತಿನವರೆಗೆ ಹೋಗಿದೆ. ‘ಓಪನ್’ ಅನ್ನುವ ಮಾತು ಮೊದಲ ಎರಡಕ್ಕೂ ಹೊಂದುತ್ತದೆ. ನಾನು ಎಡವಿದ್ದು ಅಲ್ಲೇ.

ನಡುವೆ ನಿಂತಿದ್ದರೆ ‘ಮುಕ್ಕಾಲು’ ಅಂತ ಬರೆಯಬೇಡಿ, ಮುಕ್ಕಾಲು ತೆರೆದಿದೆಯೋ ಮುಚ್ಚಿದೆಯೋ ತಿಳಿಯುವುದಿಲ್ಲ. ಒಳಗಿನ ಶರ್ಟಿನ ಗುಂಡಿಯನ್ನೇ ಗುರುತು ಇಟ್ಟುಕೊಳ್ಳಿ. ಕಾಲರ್ ಗುಂಡಿಯನ್ನು ಒಂದು ಅಂತ ಎಣಿಸಿ, ‘ರನ್ನರ್ ಮೂರನೇ ಗುಂಡಿಯ ನೇರಕ್ಕೆ’ ಅಂತ ಬರೆಯಿರಿ. ಗುಂಡಿ ಇಲ್ಲದ ಟೀ ಶರ್ಟ್ ಆದರೆ ‘ಎದೆಮೂಳೆಯ ಕೆಳತುದಿಗೆ’ ಅಂತ ಮೈಯ ಗುರುತು ಹೇಳಿ.

ಶಾಟ್ ನಡುವೆ ಬದಲಾದರೆ

ನಂದಿ ಬೆಟ್ಟ 1,478 ಮೀಟರ್ ಎತ್ತರ. ಚಳಿಗಾಲದಲ್ಲಿ ಬುಡದ ತೋಟಗಳಲ್ಲೂ ಬೆಳಗ್ಗೆ ಮಂಜಿರುತ್ತದೆ. ಮಂಜಿದ್ದಾಗ ಎಲ್ಲರೂ ಜಿಪ್ ಎಳೆದುಕೊಂಡಿರುತ್ತಾರೆ, ಬಿಸಿಲೇರಿದ ಮೇಲೆ ತಮಗೇ ಗೊತ್ತಿಲ್ಲದೆ ಬಿಡುತ್ತಾರೆ. ಕಥೆಯಲ್ಲೇ ಜಿಪ್ ಬಿಡುವುದಿದ್ದರೆ ಶುರುವಿನ ಸ್ಥಿತಿ, ಕೊನೆಯ ಸ್ಥಿತಿ ಎರಡನ್ನೂ ಬರೆದು, ಯಾವ ಮಾತಿನ ಮೇಲೆ ಕೈ ಜಿಪ್ಪಿಗೆ ಹೋಯಿತು ಅಂತಲೂ ಸೇರಿಸಿ. ಮುಂದಿನ ಶಾಟ್ ಕೊನೆಯ ಸ್ಥಿತಿಯಿಂದ ಶುರುವಾಗಬೇಕು.

ಮರಳಿ ತೆಗೆದ ದಿನ ನನ್ನ ಪುಟದಲ್ಲಿ ಇದ್ದದ್ದು ಇದು:

‘ಎಡ ಬಲ ಅವನದು. ಶರ್ಟ್: ಸುತ್ತಲೂ ಹೊರಗೆ, ಅಂಚು ಪ್ಯಾಂಟಿನ ಜೇಬಿನ ಅರ್ಧಕ್ಕೆ, ಬೆಲ್ಟ್ ಕಾಣದು. ಒಂದನೇ ಗುಂಡಿ ಬಿಚ್ಚಿದೆ, ಉಳಿದವು ಹಾಕಿವೆ. ಜಾಕೆಟ್: ಪಿನ್ ಸೇರಿಸಿಲ್ಲ, ಎರಡು ಬದಿ ಬೇರೆ, ಕಾಲರ್ ಮಡಚಿ ಕೂತಿದೆ. ಶರ್ಟಿನ ಕಫನ್ನು ಜಾಕೆಟ್ ತೋಳಿನ ಹೊರಗೆ ತಂದು, ಜಾಕೆಟ್ಟಿನ ಅಂಚಿನ ಮೇಲೆ ಒಂದೇ ಮಡಿಕೆ ಹೊರಮುಖವಾಗಿ, ಎರಡೂ ಕೈ. ಕಫ್ ಗುಂಡಿ ಬಿಚ್ಚಿದೆ.’

ಇದು ಸಾಕಾ ಅಂತ ನೋಡಲು ಒಂದು ದಾರಿ ಇದೆ. ಮೊದಲ ದಿನ ಬಾರದೇ ಇದ್ದ ಒಬ್ಬರ ಕೈಗೆ ಪುಟ ಕೊಡಿ. ಅವರು ಫೋಟೊ ನೋಡದೆ, ಓದಿಕೊಂಡೇ ಹುಡುಗನಿಗೆ ಬಟ್ಟೆ ಸರಿಮಾಡಲಿ. ಆಮೇಲೆ ಫೋಟೊದ ಪಕ್ಕ ನಿಲ್ಲಿಸಿ ನೋಡಿ. ಅವರು ಎಲ್ಲಿ ನಿಂತು ಏನಾದರೂ ಕೇಳಿದರೋ ಅಲ್ಲಿ ನಿಮ್ಮ ಮಾತು ಸಾಲದು. ನಮ್ಮ ಕ್ಯಾಮೆರಾ ಹುಡುಗನ ತಮ್ಮ ಈ ಪುಟ ಹಿಡಿದುಕೊಂಡು ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕಾ, ಯಾವ ಕಾಲರ್ ಮಡಚಿರೋದು, ಶರ್ಟಿಂದಾ ಜಾಕೆಟ್ಟಿಂದಾ?” ಸಾಲಿನಲ್ಲಿ ‘ಜಾಕೆಟ್ಟಿನ ಕಾಲರ್’ ಅಂತ ಅಲ್ಲೇ ತಿದ್ದಿದೆ.

ದೂರದಿಂದ ಇಡೀ ತೋಟ ಕಾಣುವ ಶಾಟ್‌ಗೆ ಇಷ್ಟೆಲ್ಲ ಬೇಡ. ಅಲ್ಲಿ ಜಾಕೆಟ್ ಇದೆಯಾ, ತೆರೆದಿದೆಯಾ ಅಷ್ಟು ಸಾಕು. ಸೊಂಟದಿಂದ ಮೇಲೆ ಕಾಣುವ ಶಾಟ್ ಬಂದರೆ ಮಾತ್ರ ಪೂರ್ತಿ ಪುಟ ತೆಗೆಯಿರಿ. ಪ್ರತಿ ಟೇಕ್‌ಗೆ ಮುಂಚೆ ತೋಳನ್ನು ಒಮ್ಮೆ ಮುಟ್ಟಿ ನೋಡಿ. ಕೈ ಆಡಿಸುತ್ತಿದ್ದರೆ ತೆಳು ಹತ್ತಿ ಬಟ್ಟೆಯ ಮಡಿಕೆ ತಾನಾಗೇ ಸಡಿಲಾಗಿ ಮಣಿಕಟ್ಟಿನ ಕಡೆ ಇಳಿದಿರುತ್ತದೆ.